ನಮ್ಮ ಭಾವ ಮುಚ್ಚಿದ ತೂತುಗಳು

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು, ಆದರೆ ಲಿಫ್ಟಿನಲ್ಲಿ ಕಾಲಿಡುವುದಿಲ್ಲ. ಎಷ್ಟೇ ಮಹಡಿ ಇರಲಿ, ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತುತ್ತಾರೆ. ಯಾಕೆ ಭಾವ ಎಂದರೆ, "ಹೋಟೆಲ್ ಅಡುಗೆಯವನು ಅದೇ ಹೋಟೆಲಲ್ಲಿ ಊಟ ಮಾಡೋದನ್ನ ನೋಡಿದ್ದೀಯೇನಯ್ಯ" ಎನ್ನುತ್ತಾರೆ. ಇದನ್ನು ಕೇಳಿದ ಮೇಲೆ ನನಗೆ ಲಿಫ್ಟೂ ಬೇಡವಾಯಿತು, ಹೋಟೆಲೂ ಬೇಡವಾಯಿತು. ಆದರೂ ಎರಡನ್ನೂ ಬಿಟ್ಟಿಲ್ಲ.

ನಿಜವಾದ ಕಾರಣ ಬೇರೆ. ಅವರಿಗೆ ಮುಚ್ಚಿದ ಜಾಗ ಆಗುವುದಿಲ್ಲ. ಕಟ್ಟಡದ ತಳದಿಂದ ತುದಿಯವರೆಗೆ ಲಿಫ್ಟ್ ಓಡಾಡುವ ಉದ್ದನೆಯ ಬಾವಿಗೆ ಅವರ ಕಸುಬಿನಲ್ಲಿ ಶಾಫ್ಟ್ ಎನ್ನುತ್ತಾರೆ. ಆ ಶಾಫ್ಟಿನೊಳಗೆ, ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ, ಗ್ರೀಸ್ ಮೆತ್ತಿದ ಉಕ್ಕಿನ ಹಗ್ಗಗಳ ಪಕ್ಕ ನಿಂತರೆ ಅವರಿಗೆ ತವರಿಗೆ ಹೋದಷ್ಟು ಹಿತ. ಪೆಟ್ಟಿಗೆಯ ಒಳಗೆ ನಿಲ್ಲಿಸಿದರೆ ಮಾತ್ರ ಕುತ್ತಿಗೆ ಬೆವರುತ್ತದೆ. ಯಾವಾಗಲೂ ಪೆಟ್ಟಿಗೆಯ ಹೊರಗಿದ್ದು, ಒಳಗೆ ಸಿಕ್ಕಿಬಿದ್ದವರನ್ನು ಸಮಾಧಾನ ಮಾಡುವುದೇ ಅವರ ಬದುಕು.

ಸಮಾಧಾನ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು, ಒಳಗಿದ್ದವರು ಬಾಗಿಲು ಬಡಿಯುತ್ತಿದ್ದರೆ, ಇವರು ಮೇಲಿನಿಂದ ಸಂದಿಗೆ ಬಾಯಿಟ್ಟು ಕೇಳುವ ಮೊದಲ ಪ್ರಶ್ನೆ, "ಬೆಳಿಗ್ಗೆ ಏನು ತಿಂಡಿ ತಿಂದ್ರಿ?" ಜೀವ ಹೋಗುತ್ತಿರುವವನಿಗೂ ಈ ಪ್ರಶ್ನೆಗೆ ಉತ್ತರ ಹೇಳದೆ ಇರಲಾಗುವುದಿಲ್ಲ. ಆಮೇಲೆ, "ಗಾಳಿ ಒಳಗೆ ಬರ್ತಾ ಇದೆ. ನೀವು ಬಾಗಿಲು ಬಡಿದ್ರೆ ನನ್ನ ತಲೆ ನೋಯುತ್ತೆ, ಅಷ್ಟೇ" ಎನ್ನುತ್ತಾರೆ. ಊರಲ್ಲಿ ಅವರನ್ನು ಲಿಫ್ಟಣ್ಣ ಎಂದೇ ಕರೆಯುತ್ತಾರೆ. ಅಕ್ಕ ಮದುವೆಯಾದ ಹೊಸದರಲ್ಲಿ ಈ ಹೆಸರಿಗೆ ಬೇಸರ ಮಾಡಿಕೊಂಡಿದ್ದಳು. ಈಗ ತರಕಾರಿ ಅಂಗಡಿಯಲ್ಲಿ ತಾನೇ "ಲಿಫ್ಟಣ್ಣನ ಮನೆಯವರು" ಎಂದು ಹೇಳಿಕೊಂಡು ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿಸಿಕೊಳ್ಳುತ್ತಾಳೆ.

ಇಂಥವರು ಒಂದು ಮಧ್ಯಾಹ್ನ ಲಿಫ್ಟಿನ ನೆತ್ತಿಯ ಮೇಲೆ ಕೂತು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ನಿದ್ದೆ ಹೋದರು. ಸ್ಪ್ಯಾನರ್ ಜಾರಿ ಶಾಫ್ಟಿನ ತಳಕ್ಕೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಆದರೆ ಆ ಸದ್ದು ಕೇಳಿ ಸೂಪರ್‌ವೈಸರ್ ಓಡಿ ಬಂದ. ಮೇಲೆ ನೋಡಿದರೆ ಭಾವನ ಒಂದು ಕಾಲು ಪೆಟ್ಟಿಗೆಯ ಅಂಚಿನಿಂದ ಹೊರಗೆ ಜೋತುಬಿದ್ದಿದೆ. ಗೊರಕೆ ಇಡೀ ಕಟ್ಟಡಕ್ಕೆ ಕೇಳುತ್ತಿದೆ. ಸದ್ಯ, ಲಿಫ್ಟಿನ ಕರೆಂಟ್ ತೆಗೆದಿದ್ದರು.

ಗೊರಕೆ ನಮಗೆ ಹೊಸದಲ್ಲ. ಮನೆಯಲ್ಲಿ ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ, ಆಸ್ತಿ ಎಂದುಕೊಂಡಿದ್ದರು. ಗೊರಕೆ ಏರುತ್ತಾ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು, ಆಮೇಲೆ ಮುಳುಗಿ ಎದ್ದವರ ಹಾಗೆ ಗಕ್ಕೆಂದು ಮತ್ತೆ ಶುರುವಾಗುತ್ತಿತ್ತು. ಆ ನಿಂತ ಹೊತ್ತಿನಲ್ಲಿ ಅಕ್ಕನಿಗೆ ಒಳ್ಳೆ ನಿದ್ದೆ ಬರುತ್ತಿತ್ತಂತೆ. ಗಂಡನ ಉಸಿರು ಕಟ್ಟಿದಾಗಲೇ ತನಗೆ ನೆಮ್ಮದಿ ಎಂಬುದು ಗೊತ್ತಾದ ದಿನ ಪೂರ್ತಿ ಅವಳು ಅತ್ತಳು.

ಗೊತ್ತಾದದ್ದು ಹೀಗೆ. ಕಂಪನಿಯ ಡಾಕ್ಟರು ಭಾವನನ್ನು ಆಸ್ಪತ್ರೆಯ ನಿದ್ದೆ ಲ್ಯಾಬಿಗೆ ಕಳಿಸಿದರು. ಮೈತುಂಬಾ ವೈರು ಅಂಟಿಸಿ ಮಲಗಿಸಿ ನೋಡಿದ ಮೇಲೆ, ಅಲ್ಲಿನ ಟೆಕ್ನಿಷಿಯನ್ ಹುಡುಗಿ ನಮ್ಮನ್ನೆಲ್ಲ ಕೂರಿಸಿಕೊಂಡು ವಿವರಿಸಿದಳು. ಗಂಟಲಿನ ಒಳಗೋಡೆ ಮೆತ್ತನೆಯ ಮಾಂಸ. ಅದನ್ನು ತೆರೆದು ಹಿಡಿದಿರುವುದು ಸುತ್ತಲಿನ ಸ್ನಾಯುಗಳು. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಬೀಳುತ್ತದೆ. ಉಸಿರು ಎಳೆದುಕೊಂಡಾಗ ಆ ಸೆಳೆತಕ್ಕೇ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬರುವುದಿಲ್ಲ. ಮೆದುಳು ಗಾಬರಿಬಿದ್ದು ಅರ್ಧ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ರಾತ್ರಿಯೆಲ್ಲ ಇದೇ ಆದರೆ ಹಗಲು ಸ್ಪ್ಯಾನರ್ ಬೀಳದೆ ಇನ್ನೇನಾಗುತ್ತದೆ. ಇಷ್ಟು ಹೇಳಿ, ರಾತ್ರಿ ಮಲಗುವಾಗ ಮಾಸ್ಕಿನ ಮೂಲಕ ಗಾಳಿ ಊದುವ ಸಣ್ಣ ಮಷೀನೊಂದನ್ನು ಮುಂದಿಟ್ಟಳು.

"ಹಾಗಾದ್ರೆ ಈ ಮಷೀನು ನನ್ನ ಬದಲು ಉಸಿರಾಡುತ್ತಾ?" ಎಂದರು ಭಾವ.

"ಇಲ್ಲ ಸರ್. ಉಸಿರಾಡೋರು ನೀವೇ. ಇದು ಸುಮ್ನೆ ಒಂದೇ ಒತ್ತಡದಲ್ಲಿ ಗಾಳಿ ಊದ್ತಾ ಇರುತ್ತೆ, ನೀವು ಎಳೆದುಕೊಂಡ್ರೂ ಬಿಟ್ರೂ. ಆ ಒತ್ತಡಕ್ಕೆ ಗಂಟಲು ಒಳಗಿಂದ ತೆರೆದೇ ಇರುತ್ತೆ."

ಭಾವ ಸ್ವಲ್ಪ ಯೋಚಿಸಿದರು. "ಅಂದ್ರೆ, ಲಿಫ್ಟ್ ಬಾಗಿಲು ಮುಚ್ಚದ ಹಾಗೆ ಕಾಲು ಕೊಟ್ಟುಕೊಂಡು ನಿಲ್ತಾರಲ್ಲ, ಹಾಗೆ."

"ಹಾಗೇ ಅನ್ಕೊಳಿ ಸರ್."

"ಹಾಗೆ ಕಾಲು ಕೊಡೋರನ್ನ ಕಂಡ್ರೆ ನಮಗಾಗಲ್ಲಮ್ಮ. ಬಾಗಿಲಿನ ಮೋಟಾರು ಹೋಗೋದೇ ಅದರಿಂದ" ಎಂದು ಹೇಳಿ ಮಷೀನಿನ ಡಬ್ಬಿ ಎತ್ತಿಕೊಂಡು ಬಂದರು.

ಸೂಪರ್‌ವೈಸರನ ಮಾತು ಖಡಕ್ಕಾಗಿತ್ತು. ಮಷೀನ್ ಹಾಕಿಕೊಂಡು ನಿದ್ದೆ ಸರಿಹೋಗಿದೆ ಎಂದು ಆಸ್ಪತ್ರೆಯವರು ಹೇಳುವ ತನಕ ಶಾಫ್ಟಿಗೆ ಇಳಿಯುವಂತಿಲ್ಲ. ಹೇಳದಿದ್ದರೆ ಎಂದೆಂದಿಗೂ ಇಲ್ಲ. ಅಲ್ಲಿಯವರೆಗೆ ಆಫೀಸಿನ ಮೆಟ್ಟಿಲ ಕೆಳಗಿನ ಟೆಲಿಫೋನ್ ರೂಮಿನಲ್ಲಿ ಕೂತು ದೂರು ಬರೆದುಕೊಳ್ಳಬೇಕು. ಆ ರೂಮಿಗೆ ಕಿಟಕಿಯಿಲ್ಲ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಸುಣ್ಣ ತಲೆಯ ಮೇಲೆ ಉದುರುತ್ತದೆ. ಕುರ್ಚಿ ಹಿಂದಕ್ಕೆ ಸರಿಸಿದರೆ ಗೋಡೆ, ಮುಂದಕ್ಕೆ ಸರಿಸಿದರೆ ಫೋನು. ಒಂದು ಸಲ ನಾನು ಊಟದ ಡಬ್ಬಿ ಕೊಡಲು ಹೋದಾಗ ಭಾವ ಬಾಗಿಲಿಗೆ ಇಟ್ಟಿಗೆ ಕೊಟ್ಟುಕೊಂಡು ಕೂತಿದ್ದರು, ಮುಚ್ಚಿಕೊಳ್ಳದ ಹಾಗೆ.

"ಎಲ್ಲೋ ಒಬ್ಬ ಸಿಕ್ಕಿಹಾಕ್ಕೊಂಡು ಫೋನ್ ಮಾಡ್ತಾನೆ ಕಣಯ್ಯ," ಎಂದರು. "ತಿಂಡಿ ಏನು ತಿಂದ್ರಿ ಅಂತ ಕೇಳ್ತೀನಿ. ಅವನು ಹೇಳ್ತಾನೆ. ಆಮೇಲೆ ಇನ್ಯಾರೋ ಹೋಗಿ ಅವನನ್ನ ಬಿಡಿಸ್ತಾರೆ. ನಾನು ಇಲ್ಲೇ."

ಹಾಗಾಗಿ ಭಾವನ ಮುಂದಿದ್ದ ದಾರಿ ಎರಡೇ. ರಾತ್ರಿ ಮುಖಕ್ಕೆ ಮಾಸ್ಕು, ಇಲ್ಲವೇ ಹಗಲು ಈ ಗೂಡು. ಎರಡೂ ಮುಚ್ಚಿದ ಜಾಗವೇ.

ಮಾಸ್ಕು ಮೂಗು ಬಾಯಿ ಎರಡನ್ನೂ ಮುಚ್ಚುವಂಥದ್ದು. ಹಿಂದಿನಿಂದ ಪಟ್ಟಿ ಎಳೆದು ಕಟ್ಟಬೇಕು. ಮುಂದಿನಿಂದ ಆನೆಯ ಸೊಂಡಿಲಿನಂಥ ಕೊಳವೆ ಮಷೀನಿಗೆ ಹೋಗುತ್ತದೆ. ಮೊದಲ ದಿನ ಹಾಕಿಕೊಂಡಾಗ ಭಾವನ ಕಿವಿಗೆ ಬಿದ್ದದ್ದು ಸುಯ್ ಎನ್ನುವ ಸದ್ದು. ಮಾಸ್ಕಿನ ಮುಂಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳ ಒಂದು ಸಾಲು. ಅಲ್ಲಿಂದ ಗಾಳಿ ಹೊರಗೆ ಹೋಗುತ್ತಿದೆ. ಮನುಷ್ಯ ಬದುಕಿಡೀ ಸೋರುವ ಎಣ್ಣೆ, ಸುಯ್ಗುಟ್ಟುವ ಗಾಳಿ ಇವನ್ನು ಹುಡುಕಿ ಮುಚ್ಚಿದವನು. ಎಲ್ಲಿ ಸುಯ್ ಎನ್ನುತ್ತದೋ ಅಲ್ಲಿ ಲೀಕು. ಹೊಸ ಮಾಲನ್ನೇ ತೂತು ಮಾಡಿ ಮಾರುವ ಕಾಲ ಬಂತಲ್ಲ ಎಂದು ಬೈದುಕೊಂಡು, ಚೀಲದಿಂದ ಕಪ್ಪು ಇನ್ಸುಲೇಷನ್ ಟೇಪ್ ತೆಗೆದು, ತೂತಿನ ಸಾಲಿನ ಮೇಲೆ ನೀಟಾಗಿ ಅಂಟಿಸಿದರು. ಅಂಚು ಮಡಚಿ, ಉಗುರಲ್ಲಿ ಉಜ್ಜಿ. ಅವರ ಕೆಲಸ ಅಂದರೆ ಹಾಗೆ, ಟೇಪ್ ಮಾಸ್ಕಿನ ಜೊತೆಗೇ ಹುಟ್ಟಿದ ಹಾಗಿತ್ತು.

ಅಲ್ಲಿಂದ ಶುರುವಾಯಿತು ಅವಸ್ಥೆ. ಹಾಕಿಕೊಂಡು ಸ್ವಲ್ಪ ಹೊತ್ತಿಗೇ ಎದೆ ಭಾರ. ಸೆಖೆ. ಕನಸಿನಲ್ಲಿ ಯಾವಾಗಲೂ ಲಿಫ್ಟು, ಇವರು ಅದರೊಳಗೆ, ಮೇಲಿನಿಂದ ಮಾತಾಡಿಸುವವರು ಯಾರೂ ಇಲ್ಲ. ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತು ಎಸೆಯುತ್ತಿದ್ದರು. ಎಸೆಯದ ದಿನ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. "ಗಾಳಿ ಊದೋ ಮಷೀನಂತೆ. ಇದ್ದ ಗಾಳೀನೂ ಕಿತ್ಕೊಳ್ಳುತ್ತೆ" ಎನ್ನುವರು. ಟೆಕ್ನಿಷಿಯನ್ ಹುಡುಗಿ ಫೋನಿನಲ್ಲಿ, ಮಾಸ್ಕ್ ಎಲ್ಲಾದ್ರೂ ಲೀಕ್ ಆಗ್ತಿದೆಯಾ ಸರ್ ಎಂದು ಕೇಳಿದಳು. "ಒಂದು ಚೂರೂ ಲೀಕ್ ಇಲ್ಲಮ್ಮ. ಆ ಗ್ಯಾರಂಟಿ ನಂದು" ಎಂದರು ಭಾವ. ಹಾಗಾದರೆ ಅಭ್ಯಾಸವಾಗಬೇಕು ಸರ್, ಹಗಲು ಟೀವಿ ನೋಡುವಾಗ ಸ್ವಲ್ಪ ಸ್ವಲ್ಪ ಹಾಕಿಕೊಳ್ಳಿ, ಒಮ್ಮೆ ಮಾಸ್ಕ್ ತಂದು ತೋರಿಸಿ ಎಂದಳು. ತೋರಿಸುವುದೇನು, ಲೀಕೇ ಇಲ್ಲವಲ್ಲ.

ಆಗ ನಾನು ಉಪದೇಶಕ್ಕೆ ಇಳಿದೆ. ಮನೆಯಲ್ಲಿ ಬರೆಯುವವನೊಬ್ಬನಿದ್ದರೆ ಇದೊಂದು ಕಾಟ. "ಭಾವ, ಎಲ್ಲ ಮನಸ್ಸಿನ ಭಯ. ನೀವೇ ಎಲ್ಲರಿಗೂ ಹೇಳೋದಿಲ್ವಾ" ಎಂದೆ. ಅವರು ಮಾಸ್ಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಸೋಫಾದ ಮೇಲೆ ಮಲಗಿದೆ, ಅಕ್ಕ ಪಟ್ಟಿ ಕಟ್ಟಿದಳು, ಮಷೀನು ಹಾಕಿದರು. ಮುಖದ ಮೇಲೆ ಯಾರೋ ದಿಂಬು ಒತ್ತಿ, ದಿಂಬಿನೊಳಗಿಂದ ಫ್ಯಾನ್ ಹಾಕಿದ ಹಾಗಾಯಿತು. ಉಸಿರು ಬಿಡಲು ಹೋದರೆ ಗಾಳಿ ಎದುರು ಬಂದು ತಳ್ಳುತ್ತದೆ. ಬಿಟ್ಟದ್ದನ್ನೇ ಮತ್ತೆ ಎಳೆದುಕೊಂಡಂತೆ ಬಿಸಿಬಿಸಿ. ನಾನು ಕೈಕಾಲು ಬಡಿದ ರೀತಿಗೆ ಭಾವನ ತಾಯಿ ಅಡುಗೆಮನೆಯಿಂದ ಓಡಿ ಬಂದರು.

"ಇವನು ಹಾಕ್ಕೊಂಡಿರೋದು ಗಾಳಿ ಮಷೀನಾ, ಕರೆಂಟ್ ಮಷೀನಾ?" ಎಂದರು.

ನಾನು ಎದ್ದು ನೀರು ಕುಡಿದು, ಇದಕ್ಕೆ ಅಭ್ಯಾಸ ಬೇಕು ಎಂದೆ. ಮಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಟೇಪಿನ ಅಂಚನ್ನು ಎಷ್ಟು ಚೆನ್ನಾಗಿ ಕೂರಿಸಿದ್ದಾರೆ ಎಂದು ಮೆಚ್ಚಿಕೊಂಡೆ ಕೂಡ.

ಭಾವನ ತಾಯಿಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಗಿಡ್ಡ ಆಳು, ಉದ್ದ ನಾಲಿಗೆ. ಹೃದಯ ಸ್ವಲ್ಪ ಸೋತಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಅದನ್ನು ಅವರು ಮನಸ್ಸು ಬಂದರೆ ನುಂಗುವರು. ಭಾವ ಮಷೀನ್ ವಾಪಸ್ ಕೊಟ್ಟು, ಟೆಲಿಫೋನ್ ರೂಮಿನಲ್ಲೇ ಇದ್ದುಬಿಡುತ್ತೇನೆ ಎಂದು ಆಫೀಸಿಗೆ ಹೇಳಲು ಶರ್ಟು ಹಾಕಿಕೊಳ್ಳುತ್ತಿದ್ದ ಬೆಳಿಗ್ಗೆ, ಅತ್ತೆ ಮಂಚದಲ್ಲಿ ಎದ್ದು ಕೂತು, ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಹಾಸಿಗೆ ಅದುಮಿ ಹಿಡಿದಿದ್ದರು. ಎದೆಯೊಳಗೆ ಹುಕ್ಕದಲ್ಲಿ ನೀರು ಗುಳುಗುಳು ಎಂದಂತೆ ಸದ್ದು. ತುಟಿ ನೀಲಿ. ಬೈಯಲೂ ಆಗದೆ ನಮ್ಮನ್ನು ನೋಡುತ್ತಿದ್ದರು. ಅತ್ತೆ ಬೈಯುತ್ತಿಲ್ಲ ಎಂದಾಗಲೇ ನಮಗೆ ಕೈಕಾಲು ತಣ್ಣಗಾದದ್ದು.

ಎಮರ್ಜೆನ್ಸಿ ವಾರ್ಡಿನಲ್ಲಿ ಪರದೆ ಎಳೆದ ಒಂದು ಮೂಲೆ. ಮಂಚ, ಮಾನಿಟರು, ಮಷೀನು, ನಾವು, ತಿರುಗಲು ಜಾಗವಿಲ್ಲ. ಡಾಕ್ಟರು ಸಣ್ಣ ದನಿಯಲ್ಲಿ ಹೇಳಿದರು: ಹೃದಯ ಸರಿಯಾಗಿ ಪಂಪ್ ಮಾಡದೆ ಶ್ವಾಸಕೋಶಕ್ಕೆ ನೀರು ತುಂಬಿದೆ. ಅಲ್ಲಿನ ಪುಟ್ಟ ಪುಟ್ಟ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಮುಚ್ಚಿಕೊಳ್ಳುತ್ತಿವೆ. ಮುಚ್ಚಿದ್ದನ್ನು ಪ್ರತಿ ಸಲ ಬಿಡಿಸಿ ತೆರೆಯುವುದರಲ್ಲೇ ಇವರ ಶಕ್ತಿಯೆಲ್ಲ ಹೋಗುತ್ತಿದೆ. ಬರಿ ಆಮ್ಲಜನಕ ಸಾಲದು. ಒತ್ತಡದಲ್ಲಿ ಗಾಳಿ ಕೊಟ್ಟರೆ ಉಸಿರು ಬಿಟ್ಟ ಮೇಲೂ ಗೂಡುಗಳು ತೆರೆದೇ ಇರುತ್ತವೆ, ಹೃದಯದ ಹೊರೆಯೂ ಕೊಂಚ ಇಳಿಯುತ್ತದೆ. ನೀರು ಇಳಿಸುವ ಇಂಜೆಕ್ಷನ್ ಕೆಲಸ ಮಾಡುವ ತನಕ ಹೀಗೆ ಹಿಡಿದಿಟ್ಟುಕೊಳ್ಳಬೇಕು. ಮಾಸ್ಕ್ ತಡೆದುಕೊಳ್ಳದಿದ್ದರೆ ಗಂಟಲಿಗೆ ಪೈಪು ಹಾಕಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದು ಸುಲಭವಲ್ಲ.

ಮಾಸ್ಕು ಬಂತು. ಅದೇ ಸೊಂಡಿಲು, ಅದೇ ಪಟ್ಟಿ. ನರ್ಸ್ ಅದನ್ನು ಅತ್ತೆಯ ಮುಖಕ್ಕೆ ಇಟ್ಟದ್ದೇ ತಡ, ಅತ್ತೆ ಕಿತ್ತರು. ಮತ್ತೆ ಇಟ್ಟರು, ಮತ್ತೆ ಕಿತ್ತರು. ಮಗನ ಕಡೆ ನೋಡಿದ ನೋಟದಲ್ಲಿ ಒಂದೇ ಮಾತು: ನೀನು ಹೇಳಿದ್ದು ನಿಜ ಕಣೋ, ಇದು ಇದ್ದ ಗಾಳೀನೂ ಕಿತ್ಕೊಳ್ಳುತ್ತೆ.

ಮನೆಯಲ್ಲಿ ದಿನಾ ಆ ಮಾಸ್ಕನ್ನು ಬೈದವರು ಭಾವನೇ. ಈಗ ಅಮ್ಮನಿಗೆ ಯಾವ ಬಾಯಲ್ಲಿ ಹಾಕ್ಕೋ ಎನ್ನುವುದು?

"ಪಟ್ಟಿ ಕಟ್ಟಬೇಡಿ ಸಿಸ್ಟರ್," ಎಂದರು ಭಾವ. "ಕಟ್ಟಿದ್ರೆ ಹೆದರ್ತಾಳೆ. ನಾನು ಕೈಯಲ್ಲಿ ಹಿಡ್ಕೋಬಹುದಾ?"

"ಹಿಡ್ಕೊಳಿ. ಮೊದಮೊದಲು ನಾವೂ ಹಾಗೇ ಮಾಡೋದು. ಅಂಚಿನಲ್ಲಿ ಗಾಳಿ ಹೋಗದ ಹಾಗೆ, ಮೆತ್ತಗೆ" ಎಂದರು ನರ್ಸ್.

ಭಾವ ಮಂಚದ ಅಂಚಿಗೆ ಕೂತು ಮಾಸ್ಕನ್ನು ಅಂಗೈಯಲ್ಲಿ ಹಿಡಿದು ಅಮ್ಮನ ಮುಖಕ್ಕೆ ತಂದರು. ಆಗ ಕೇಳಿತು ಆ ಸದ್ದು. ಸುಯ್. ಮಾಸ್ಕಿನ ಮುಂದೆ ಸಣ್ಣ ತೂತುಗಳ ಸಾಲು. ಭಾವನ ಹೆಬ್ಬೆರಳು, ಯಾರೂ ಹೇಳದೆಯೇ, ಅಭ್ಯಾಸಬಲದಿಂದ ಹೋಗಿ ಆ ತೂತುಗಳನ್ನು ಮುಚ್ಚಿತು.

ನರ್ಸ್ ಪಟ್ಟೆಂದು ಅವರ ಕೈಗೆ ಹೊಡೆದರು. "ಏನ್ ಮಾಡ್ತಿದ್ದೀರಿ? ಬೆರಳು ತೆಗೀರಿ."

"ಲೀಕ್ ಆಗ್ತಿದೆ ಸಿಸ್ಟರ್."

"ಲೀಕಲ್ಲ ಅದು, ದಾರಿ. ಕೊಳವೆ ಒಂದೇ ಇದೆ ನೋಡಿ. ಅದರಲ್ಲಿ ಗಾಳಿ ಒಳಗೆ ಬರುತ್ತೆ. ಅವರು ಬಿಟ್ಟ ಉಸಿರು ಹೊರಗೆ ಹೋಗೋದು ಈ ತೂತಿನಿಂದ. ಅದನ್ನ ಮುಚ್ಚಿದ್ರೆ ಬಿಟ್ಟದ್ದನ್ನೇ ಮತ್ತೆ ಮತ್ತೆ ಕುಡೀತಾರೆ. ತಲೆ ಸಿಡಿಯುತ್ತೆ, ಉಸಿರು ಕಟ್ಟಿದ ಹಾಗಾಗುತ್ತೆ, ಮಂಪರು ಬರುತ್ತೆ."

ಪರದೆಯ ಪಕ್ಕ ನಿಂತಿದ್ದ ಅಕ್ಕ ನನ್ನನ್ನು ನೋಡಿದಳು. ನಾನು ಮಾನಿಟರು ನೋಡಿದೆ. ಭಾವ ತಮ್ಮ ಹೆಬ್ಬೆರಳನ್ನು, ಅದು ಬೇರೆ ಯಾರದೋ ಎಂಬಂತೆ, ಸ್ವಲ್ಪ ಹೊತ್ತು ನೋಡುತ್ತಾ ಕೂತರು.

ಆಮೇಲೆ ಬಾಗಿ, ಅಮ್ಮನ ಕಿವಿಗೆ ಬಾಯಿಟ್ಟರು. ಆ ದನಿ ನನಗೆ ಗೊತ್ತು. ಶಾಫ್ಟಿನ ದನಿ.

"ಅಮ್ಮ, ಬೆಳಿಗ್ಗೆ ಏನು ತಿಂಡಿ ತಿಂದೆ?"

ಅತ್ತೆ ಕಣ್ಣು ಬಿಟ್ಟು ಮಗನನ್ನು ನೋಡಿದರು. ಸಾಯುವ ಹೊತ್ತಿನಲ್ಲಿ ಇವನಿಗೇನು ಬಂತು ಎಂಬ ನೋಟ.

"ಮಾತಾಡಬೇಡ, ತಲೆ ಆಡಿಸು. ಏನೂ ತಿಂದಿಲ್ಲ ತಾನೆ? ಗೊತ್ತು. ನೀನೀಗ ಎರಡನೇ ಮಹಡಿಗೂ ಮೂರನೇ ಮಹಡಿಗೂ ಮಧ್ಯ ನಿಂತಿದ್ದೀಯ. ಬೀಳಲ್ಲ. ಹಗ್ಗ ಗಟ್ಟಿಯಾಗಿದೆ. ಗಾಳಿ ಒಳಗೆ ಬರ್ತಿದೆ. ಅದು ತಳ್ಳುತ್ತೆ, ತಳ್ಳಲಿ, ಬಾಗಿಲು ಮುಚ್ಚದ ಹಾಗೆ ಕಾಲು ಕೊಟ್ಟಿದೆ ಅಷ್ಟೇ. ನೀನು ಬಿಡೋ ಗಾಳಿ ಇಲ್ಲಿಂದ ಹೋಗ್ತಿದೆ." ಅಮ್ಮನ ಕೈ ಹಿಡಿದು, ಬೆರಳ ತುದಿಯನ್ನು ಆ ತೂತುಗಳ ಮುಂದೆ ಇಟ್ಟರು, ಮುಚ್ಚದ ಹಾಗೆ. "ತಾಗ್ತಾ ಇದೆಯಾ? ನಿನ್ನದೇ ಉಸಿರೂ ಇದೆ ಅದರಲ್ಲಿ. ಹೋಗ್ತಾ ಇದೆ ನೋಡು."

ಅತ್ತೆಯ ಇನ್ನೊಂದು ಕೈ ಮಾಸ್ಕ್ ಕೀಳಲು ಅರ್ಧ ಮೇಲೆ ಬಂದದ್ದು ಅಲ್ಲೇ ನಿಂತಿತು. ಬೆರಳ ತುದಿಗೆ ಗಾಳಿ ತಾಗುತ್ತಿತ್ತು. ಕೈ ಕೆಳಗೆ ಇಳಿಯಿತು. ಭಾವ ಮಾತು ನಿಲ್ಲಿಸಲಿಲ್ಲ. ಪಕ್ಕದ ಬೀದಿಯ ಕಟ್ಟಡದ ಲಿಫ್ಟಿನಲ್ಲಿ ಮದುಮಗನೊಬ್ಬ ಸಿಕ್ಕಿಬಿದ್ದ ಕತೆ, ಸೂಪರ್‌ವೈಸರನ ಹೆಂಡತಿ ಸಿಕ್ಕಿಬಿದ್ದಾಗ ಸೂಪರ್‌ವೈಸರ್ ಅವಸರ ಮಾಡದ ಕತೆ. ನಡುವೆ ಯಾವಾಗಲೋ ನರ್ಸ್ ಬಂದು ಪಟ್ಟಿ ಕಟ್ಟಿದ್ದು ಅತ್ತೆಗೆ ಗೊತ್ತೇ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಳುಗುಳು ಕಡಿಮೆಯಾಗಿತ್ತು, ತುಟಿಗೆ ಬಣ್ಣ ಬಂದಿತ್ತು. ಸಂಜೆ ಡಾಕ್ಟರು ಮಾಸ್ಕ್ ತೆಗೆದು ನೋಡಿದಾಗ ಅತ್ತೆ ಕೆನ್ನೆ ಉಜ್ಜಿಕೊಂಡು ಹೇಳಿದ ಮೊದಲ ಮಾತು:

"ಸಿಕ್ಕಿಹಾಕ್ಕೊಂಡೋರಿಗೆಲ್ಲ ಹೀಗೇ ಕೊರೀತೀಯೇನೋ? ಪಾಪ, ಓಡಿಹೋಗೋಕೂ ಆಗಲ್ಲ ಅವರಿಗೆ."

ಮನೆಗೆ ಬಂದ ಭಾವ ಚಪ್ಪಲಿ ಬಿಡುವ ಮೊದಲೇ ಮಾಸ್ಕ್ ಹುಡುಕಿ, ಟೇಪ್ ಕೀಳಲು ಕೂತರು. ತಾವೇ ಅಂಟಿಸಿದ್ದಲ್ಲವೇ, ಸುಲಭಕ್ಕೆ ಬರಲಿಲ್ಲ. ಅಕ್ಕ ಸೂಜಿ ತಂದು ಒಂದೊಂದೇ ತೂತಿನ ಅಂಟು ಬಿಡಿಸಲು ಹೋದಳು. ತೂತು ದೊಡ್ಡದಾದರೆ ಕಷ್ಟ ಎಂದು ಭಾವ ಅವಳನ್ನು ತಡೆದರು. ಮರುದಿನ ಮಾಸ್ಕನ್ನೇ ಲ್ಯಾಬಿಗೆ ಒಯ್ದರು. ಟೆಕ್ನಿಷಿಯನ್ ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಸರ್, ಇಷ್ಟು ಚೆನ್ನಾಗಿ ಯಾರೂ ಮುಚ್ಚಿರಲಿಲ್ಲ" ಎಂದು ಬೇರೆ ಮಾಸ್ಕ್ ಕೊಟ್ಟಳು.

ಅದಾದ ಮೇಲೆ ಎಲ್ಲ ಸುಲಭವಾಯಿತು ಎಂದು ಬರೆಯಲು ನನಗೆ ಆಸೆ. ಆಗಲಿಲ್ಲ. ತಲೆನೋವು ಹೋಯಿತು, ಬಿಸಿ ಹೋಯಿತು, ಆದರೆ ಮಾಸ್ಕು ಮಾಸ್ಕೇ. ಕಟ್ಟಿಕೊಂಡಾಗಲೆಲ್ಲ ಭಾವನ ಕುತ್ತಿಗೆ ಈಗಲೂ ಬೆವರುತ್ತದೆ. ಮಲಗುವ ಮೊದಲು ಒಂದು ಬೆರಳನ್ನು ತೂತುಗಳ ಮುಂದೆ ಹಿಡಿದು ಗಾಳಿ ಹೋಗುತ್ತಿದೆಯೇ ಎಂದು ನೋಡುತ್ತಾರಂತೆ. ಮಾಸ್ಕಿನೊಳಗೇ ಏನೋ ಗೊಣಗುತ್ತಾರಂತೆ. "ಏನಂತಾರೆ?" ಎಂದು ಅಕ್ಕನನ್ನು ಕೇಳಿದೆ. "ಇನ್ನೇನು, ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ತಮ್ಮನ್ನ ತಾವೇ ಕೇಳ್ಕೋತಾರೆ" ಎಂದಳು. ಉತ್ತರ ಹೇಳುವ ಮೊದಲೇ ನಿದ್ದೆ ಬಂದುಬಿಡುತ್ತದಂತೆ.

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ನಿಂತಿತು. ಒಳಗೆ ನಾನು, ಜೊತೆಗೆ ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ದಪ್ಪ ಮನುಷ್ಯ. ಇಬ್ಬರ ಪಾಲಿನ ಗಾಳಿಯನ್ನೂ ತಾವೇ ತೆಗೆದುಕೊಳ್ಳುತ್ತಿದ್ದಾರೆ ಎಂದು ನನಗೆ ಅನ್ನಿಸತೊಡಗಿತ್ತು. ನಾನು ಬಾಗಿಲು ಬಡಿದೆ. ಅವರು ಗಂಟೆ ಒತ್ತಿದರು. ಸೆಖೆ ಏರಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ, ಅದರ ಕೆಳಗಿನದೂ ಬಿಚ್ಚಿದೆ. ಮೇಲೆ ನೆತ್ತಿಯಲ್ಲಿ ಧಪ್ ಎಂದು ಬೂಟಿನ ಸದ್ದಾಯಿತು.

"ಯಾರು ಒಳಗೆ?"

ಶಾಫ್ಟಿನ ದನಿ. ಟೆಲಿಫೋನಿನದಲ್ಲ, ನೆತ್ತಿಯ ಮೇಲಿನದು.

"ನಾನು, ಭಾವ."

"ನೀನಾ? ಹಾಗಾದ್ರೆ ಅವಸರ ಇಲ್ಲ."

"ಭಾವ, ಇಲ್ಲಿ ಉಸಿರು ಕಟ್ತಾ ಇದೆ."

"ಕಟ್ಟಲ್ಲ. ಲಿಫ್ಟ್ ಪೆಟ್ಟಿಗೆ ಗಾಳಿ ಆಡೋ ಹಾಗೇ ಮಾಡಿರ್ತಾರೆ. ಕೆಳಗಿಂದ ಬರುತ್ತೆ. ಹೋಗೋದಕ್ಕೆ ಮೇಲೆ, ಬಾಗಿಲ ಪಕ್ಕ, ಉದ್ದುದ್ದ ಸೀಳು ಇದೆ. ಕಾಣ್ತಿದೆಯಾ?"

ನೋಡಿದೆ. ಸೀಳು ಕಾಣಲಿಲ್ಲ. ಅದರ ಮೇಲೆ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಲಿಫ್ಟನ್ನು ಸ್ವಚ್ಛವಾಗಿಡಿ ಎಂಬ ದೊಡ್ಡ ಸೂಚನೆ ಅಂಟಿಸಿದ್ದರು. ಕೆಳಗೆ ಕಾರ್ಯದರ್ಶಿಗಳ ಸಹಿ.

"ಯಾರೋ ಕಾಗದ ಅಂಟಿಸಿದ್ದಾರೆ, ಭಾವ."

ಕಾರ್ಯದರ್ಶಿಗಳು ತಮ್ಮ ಚಪ್ಪಲಿ ನೋಡುತ್ತಿದ್ದರು.

"ಅಂಟಿಸಿದವರನ್ನ ಬೈಬೇಡ," ಎಂದರು ಭಾವ. "ಒಳ್ಳೇದಕ್ಕೇ ಅಂಟಿಸಿರ್ತಾರೆ. ಮೂಲೆಯಿಂದ ಶುರು ಮಾಡಿ, ನಿಧಾನಕ್ಕೆ ಕಿತ್ತುಬಿಡು."